ಮಾರಾಟ ಇಳಿದದ್ದು ಶೇ 10, ಷೇರಿನ ಗಳಿಕೆ ಇಳಿದದ್ದು ಶೇ 40: ಲಿವರೇಜ್ ಲೆಕ್ಕ ಹಾಕುವುದು ಹೀಗೆ

ಶಾಲಾ ನೋಟ್‌ಬುಕ್ ತಯಾರಿಸುವ ಸಣ್ಣ ಕಂಪನಿಯೊಂದರ ಷೇರುದಾರರೊಬ್ಬರು ಎರಡು ವರ್ಷದ ಲೆಕ್ಕಪತ್ರ ಹಿಡಿದು ನನ್ನ ಬಳಿ ಬಂದಿದ್ದರು. "ಸರ್, ವ್ಯಾಪಾರ ಬಿದ್ದಿರೋದು ನೂರಕ್ಕೆ ಹತ್ತು. ನನ್ನ ಒಂದು ಷೇರಿನ ಗಳಿಕೆ ಮಾತ್ರ ಹತ್ತು ರೂಪಾಯಿಂದ ಆರಕ್ಕೆ ಬಂದಿದೆ. ಯಾರೋ ಲೆಕ್ಕದಲ್ಲಿ ಕೈಯಾಡಿಸಿದ್ದಾರೆ" ಎಂಬುದು ಅವರ ಅನುಮಾನ. ಯಾರೂ ಕೈಯಾಡಿಸಿರಲಿಲ್ಲ. ಮಾರಾಟದ ಇಳಿಕೆ ಎರಡು ಕಡೆ ದೊಡ್ಡದಾಗಿ ಅವರ ಷೇರನ್ನು ತಲುಪಿತ್ತು, ಅಷ್ಟೆ. ಮೊದಲ ಕಡೆ ಕಾರ್ಖಾನೆಯ ಸ್ಥಿರ ವೆಚ್ಚ, ಎರಡನೆಯ ಕಡೆ ಬ್ಯಾಂಕಿನ ಬಡ್ಡಿ.

ಭಾರದ ಕಲ್ಲನ್ನು ಹಾರೆಯಿಂದ ಮೀಟುವವರಿಗೆ ಇದು ಗೊತ್ತಿರುವ ವಿಷಯ. ಹಿಡಿಯುವ ತುದಿ ಉದ್ದವಿದ್ದಷ್ಟೂ ಸಣ್ಣ ಬಲ ದೊಡ್ಡ ಕಲ್ಲನ್ನು ಅಲುಗಿಸುತ್ತದೆ. ಲಿವರೇಜ್ ಎಂಬ ಹೆಸರು ಬಂದದ್ದೇ ಈ ಮೀಟುಗೋಲಿನಿಂದ. ವ್ಯವಹಾರದಲ್ಲಿ ಸ್ಥಿರ ವೆಚ್ಚವೇ ಹಾರೆ. ಆ ಹಾರೆ ಎಷ್ಟು ಉದ್ದವಿದೆ ಎಂದು ಅಳೆಯುವುದಕ್ಕೆ ಅವರ ಕಂಪನಿಯ ಲೆಕ್ಕವನ್ನೇ ಬಿಡಿಸೋಣ. ಅನುಕೂಲಕ್ಕಾಗಿ ಅಂಕಿಗಳನ್ನು ದುಂಡಗೆ ಮಾಡಿದ್ದೇನೆ.

ಹಂತ 1: ವೆಚ್ಚವನ್ನು ಎರಡು ರಾಶಿ ಮಾಡಿ

ಕಂಪನಿ ವರ್ಷಕ್ಕೆ 10 ಲಕ್ಷ ನೋಟ್‌ಬುಕ್ ಮಾರುತ್ತದೆ, ಒಂದಕ್ಕೆ ₹40. ಕಾಗದ, ರಟ್ಟು, ಶಾಯಿ, ಪಿನ್, ತುಂಡುಗೂಲಿ, ಸಾಗಣೆ ಎಲ್ಲ ಸೇರಿ ಒಂದು ಪುಸ್ತಕಕ್ಕೆ ₹24 ಆಗುತ್ತದೆ. ಒಂದು ಪುಸ್ತಕ ಹೆಚ್ಚು ಮಾಡಿದರೆ ಈ ₹24 ಹೆಚ್ಚುತ್ತದೆ, ಮಾಡದಿದ್ದರೆ ಉಳಿಯುತ್ತದೆ. ಇದು ಬದಲಾಗುವ ವೆಚ್ಚ. ಶೆಡ್ಡಿನ ಬಾಡಿಗೆ, ತಿಂಗಳ ಸಂಬಳ, ಯಂತ್ರದ ಸವಕಳಿ, ವಿಮೆ ಸೇರಿ ವರ್ಷಕ್ಕೆ ₹96 ಲಕ್ಷ. ಯಂತ್ರ ಓಡಿದರೂ ನಿಂತರೂ ಇದು ತಪ್ಪುವುದಿಲ್ಲ. ಇದು ಸ್ಥಿರ ವೆಚ್ಚ.

ಇಡೀ ಕೆಲಸದಲ್ಲಿ ತಾಳ್ಮೆ ಬೇಡುವ ಹಂತ ಇದೇ. ಕಂಪನಿ ಕಾಯ್ದೆಯ ಪ್ರಕಾರ ಪ್ರಕಟವಾಗುವ ಲಾಭ-ನಷ್ಟ ಪತ್ರಿಕೆಯಲ್ಲಿ ಕಚ್ಚಾ ಮಾಲು, ಸಿಬ್ಬಂದಿ ವೆಚ್ಚ, ಸವಕಳಿ, ಹಣಕಾಸು ವೆಚ್ಚ, ಇತರ ವೆಚ್ಚ ಎಂಬ ತಲೆಬರಹಗಳಿರುತ್ತವೆಯೇ ಹೊರತು ಸ್ಥಿರ, ಬದಲಾಗುವ ಎಂಬ ವಿಂಗಡಣೆ ಇರುವುದಿಲ್ಲ. ನಾವೇ ಬಿಡಿಸಿಕೊಳ್ಳಬೇಕು. ಕರೆಂಟ್ ಬಿಲ್ಲನ್ನೇ ತೆಗೆದುಕೊಳ್ಳಿ. ಮಂಜೂರಾದ ಲೋಡ್‌ಗೆ ಕಟ್ಟುವ ನಿಗದಿತ ಶುಲ್ಕ ಸ್ಥಿರ, ಉರಿಸಿದ ಯೂನಿಟ್‌ಗೆ ಕಟ್ಟುವುದು ಬದಲಾಗುವುದು. ಒಂದೇ ಬಿಲ್ಲು ಎರಡು ರಾಶಿಗೂ ಹೋಗುತ್ತದೆ. "ಸಿಬ್ಬಂದಿ ವೆಚ್ಚ" ಎಂಬ ಸಾಲಿನಲ್ಲಿ ಸೂಪರ್‌ವೈಸರ್ ಸಂಬಳವೂ ಸೀಸನ್ನಿನ ಓವರ್‌ಟೈಮೂ ಒಟ್ಟಿಗೆ ಇರಬಹುದು. ಇಲ್ಲಿ ಅವಸರಪಟ್ಟರೆ ಮುಂದಿನ ಗುಣಾಕಾರ ಎಷ್ಟು ಸರಿಯಿದ್ದರೂ ಉತ್ತರ ತಪ್ಪು.

ಹಂತ 2: ಆಪರೇಟಿಂಗ್ ಲಿವರೇಜ್

ಒಂದು ಪುಸ್ತಕ ಮಾರಿದರೆ ₹40ರಲ್ಲಿ ₹24 ಕಳೆದು ₹16 ಕೈಗೆ ಉಳಿಯುತ್ತದೆ. ಇದಕ್ಕೆ ಕಾಂಟ್ರಿಬ್ಯೂಷನ್ ಎನ್ನುತ್ತೇವೆ. 10 ಲಕ್ಷ ಪುಸ್ತಕಕ್ಕೆ ₹160 ಲಕ್ಷ. ಅದರಿಂದ ಸ್ಥಿರ ವೆಚ್ಚ ₹96 ಲಕ್ಷ ತೆಗೆದರೆ ₹64 ಲಕ್ಷ. ಇದು ಬಡ್ಡಿ, ತೆರಿಗೆ ಕಟ್ಟುವ ಮುಂಚಿನ ಕಾರ್ಯಾಚರಣೆಯ ಲಾಭ.

ಆಪರೇಟಿಂಗ್ ಲಿವರೇಜ್ ಪ್ರಮಾಣ = ಕಾಂಟ್ರಿಬ್ಯೂಷನ್ ÷ ಕಾರ್ಯಾಚರಣೆಯ ಲಾಭ = 160 ÷ 64 = 2.5

ಮಾರಾಟ ಶೇ 1ರಷ್ಟು ಏರಿಳಿದರೆ ಕಾರ್ಯಾಚರಣೆಯ ಲಾಭ ಶೇ 2.5ರಷ್ಟು ಏರಿಳಿಯುತ್ತದೆ ಎಂದು ಇದರ ಅರ್ಥ. ಸ್ಥಿರ ವೆಚ್ಚವೇ ಇಲ್ಲದ, ಬರೀ ಕಮಿಷನ್ ಮೇಲೆ ನಡೆಯುವ ವ್ಯಾಪಾರದಲ್ಲಿ ಈ ಅಂಕಿ 1 ಇರುತ್ತದೆ.

ಹಂತ 3: ಫೈನಾನ್ಷಿಯಲ್ ಲಿವರೇಜ್

ಕಂಪನಿ ಬ್ಯಾಂಕಿನಿಂದ ಶೇ 12ರ ಬಡ್ಡಿಗೆ ₹2 ಕೋಟಿ ಅವಧಿ ಸಾಲ ಪಡೆದಿದೆ. ವರ್ಷದ ಬಡ್ಡಿ ₹24 ಲಕ್ಷ. 64ರಲ್ಲಿ 24 ಕಳೆದರೆ ತೆರಿಗೆಗೆ ಮುಂಚಿನ ಲಾಭ ₹40 ಲಕ್ಷ.

ಫೈನಾನ್ಷಿಯಲ್ ಲಿವರೇಜ್ ಪ್ರಮಾಣ = ಕಾರ್ಯಾಚರಣೆಯ ಲಾಭ ÷ ತೆರಿಗೆಗೆ ಮುಂಚಿನ ಲಾಭ = 64 ÷ 40 = 1.6

ತೆರಿಗೆಯನ್ನು ಶೇ 25 ಎಂದಿಟ್ಟುಕೊಂಡರೆ ನಿವ್ವಳ ಲಾಭ ₹30 ಲಕ್ಷ. ಷೇರುಗಳು 3 ಲಕ್ಷ ಇವೆ, ಹಾಗಾಗಿ ಪ್ರತಿ ಷೇರಿಗೆ ಗಳಿಕೆ ₹10. ತೆರಿಗೆ ದರ ಈ 1.6ರ ಲೆಕ್ಕದಲ್ಲಿ ಬರಲೇ ಇಲ್ಲ ಎಂಬುದನ್ನು ಗಮನಿಸಿ. ಲಾಭದ ಒಂದು ನಿಶ್ಚಿತ ಪಾಲನ್ನು ತೆಗೆದುಕೊಳ್ಳುವ ತೆರಿಗೆ ಗಳಿಕೆಯ ಮೊತ್ತವನ್ನು ತಗ್ಗಿಸುತ್ತದೆ, ಏರಿಳಿತದ ಶೇಕಡಾವಾರನ್ನು ಬದಲಿಸುವುದಿಲ್ಲ.

ಸಾಮಾನ್ಯ ಷೇರುದಾರರಿಗಿಂತ ಮೊದಲು ನಿಗದಿತ ಡಿವಿಡೆಂಡ್ ಪಡೆಯುವ ಪ್ರಿಫರೆನ್ಸ್ ಷೇರು ಇದ್ದರೆ ಮಾತ್ರ ತೆರಿಗೆ ಲೆಕ್ಕಕ್ಕೆ ಬರುತ್ತದೆ. ಅದರ ಡಿವಿಡೆಂಡ್ ಹೋಗುವುದು ತೆರಿಗೆ ಕಟ್ಟಿದ ಮೇಲೆ ಉಳಿದ ಹಣದಿಂದ. ಆದ್ದರಿಂದ ₹6 ಲಕ್ಷ ಡಿವಿಡೆಂಡ್ ಇದ್ದರೆ ಅದನ್ನು 0.75ರಿಂದ ಭಾಗಿಸಿ ₹8 ಲಕ್ಷ ಮಾಡಿಕೊಂಡು 40ರಿಂದ ಕಳೆಯಬೇಕು. ಆಗ 64 ÷ 32 = 2. ಬಿ.ಕಾಂ. ಪರೀಕ್ಷೆಯಲ್ಲಿ 6ನ್ನೇ ನೇರವಾಗಿ ಕಳೆದು ಅಂಕ ಕಳೆದುಕೊಳ್ಳುವ ಜಾಗ ಇದು. ನಮ್ಮ ನೋಟ್‌ಬುಕ್ ಕಂಪನಿಯಲ್ಲಿ ಪ್ರಿಫರೆನ್ಸ್ ಷೇರು ಇಲ್ಲ.

ಹಂತ 4: ಎರಡನ್ನೂ ಗುಣಿಸಿ, ತಾಳೆ ನೋಡಿ

ಒಟ್ಟು ಲಿವರೇಜ್ = 2.5 × 1.6 = 4

ಕಾಂಟ್ರಿಬ್ಯೂಷನ್ನನ್ನು ತೆರಿಗೆಗೆ ಮುಂಚಿನ ಲಾಭದಿಂದ ನೇರ ಭಾಗಿಸಿದರೂ (160 ÷ 40) ಅದೇ 4 ಬರುತ್ತದೆ. ಬರದಿದ್ದರೆ ಎಲ್ಲೋ ತಪ್ಪಿದೆ ಎಂದು ತಿಳಿಯಿರಿ.

ಈಗ ಷೇರುದಾರರ ಅನುಮಾನಕ್ಕೆ ಬರೋಣ. ಮಾರಾಟ 9 ಲಕ್ಷ ಪುಸ್ತಕಕ್ಕೆ ಇಳಿಯಿತು. ಕಾಂಟ್ರಿಬ್ಯೂಷನ್ ₹144 ಲಕ್ಷ ಆಯಿತು. ಸ್ಥಿರ ವೆಚ್ಚ ಕಳೆದು ಉಳಿದದ್ದು 48 ಲಕ್ಷ, ಅಂದರೆ ಶೇ 25 ಇಳಿಕೆ. ಬಡ್ಡಿ ಕಳೆದು 24 ಲಕ್ಷ, ತೆರಿಗೆ ಕಳೆದು 18 ಲಕ್ಷ. 3 ಲಕ್ಷ ಷೇರಿಗೆ ಹಂಚಿದರೆ ತಲಾ ₹6. ಹತ್ತರಿಂದ ಆರು ಎಂದರೆ ಶೇ 40 ಇಳಿಕೆ, ಶೇ 10ರ ನಾಲ್ಕು ಪಟ್ಟು. ಮಾರಾಟ 11 ಲಕ್ಷಕ್ಕೆ ಏರಿದ್ದರೆ ಇದೇ ಹಾರೆ ಗಳಿಕೆಯನ್ನು ₹14ಕ್ಕೆ ಎತ್ತುತ್ತಿತ್ತು.

100ನ್ನು ಈ 4ರಿಂದ ಭಾಗಿಸಿದರೆ 25. ಮಾರಾಟ ಶೇ 25 ಬಿದ್ದು 7.5 ಲಕ್ಷ ಪುಸ್ತಕಕ್ಕೆ ಬಂದರೆ ಷೇರಿನ ಗಳಿಕೆ ಸೊನ್ನೆ. ಒಟ್ಟು ಲಿವರೇಜನ್ನು ಬಾಯಿಲೆಕ್ಕದಲ್ಲಿ ಓದುವ ಅತ್ಯುತ್ತಮ ವಿಧಾನ ಇದು ಎಂದು ನನ್ನ ಅಭಿಪ್ರಾಯ.

ಎಡವುವುದು ಎಲ್ಲಿ

4 ಎಂಬ ಅಂಕಿ ಕಂಪನಿಯ ಹಣೆಬರಹವಲ್ಲ. ಅದು 10 ಲಕ್ಷ ಪುಸ್ತಕದ ಮಟ್ಟಕ್ಕೆ ಮಾತ್ರ ಸೇರಿದ್ದು. ಮಾರಾಟ 9 ಲಕ್ಷಕ್ಕೆ ಇಳಿದ ಮೇಲೆ ಅದೇ ಲೆಕ್ಕ 144 ÷ 24 = 6 ಆಗುತ್ತದೆ. ಅಲ್ಲಿಂದ ಇನ್ನೂ ಶೇ 10 ಇಳಿದರೆ ಉಳಿದ ₹6ರಲ್ಲಿ ಶೇ 60 ಕರಗುತ್ತದೆ. ಹೊಡೆತ ತಿಂದ ಕಂಪನಿಗೆ ಮುಂದಿನ ಹೊಡೆತ ಇನ್ನೂ ಜೋರಾಗಿ ಬೀಳುತ್ತದೆ. ಆದ್ದರಿಂದ ಪ್ರತಿ ವರ್ಷವೂ ಹೊಸದಾಗಿ ಲೆಕ್ಕ ಹಾಕಬೇಕು, ಹಳೆಯ ಅಂಕಿಯನ್ನು ಎಳೆದು ತರಬಾರದು.

ಇದಕ್ಕಿಂತ ದೊಡ್ಡ ತಪ್ಪು ಬೆಲೆಯದು. ಪುಸ್ತಕದ ಸಂಖ್ಯೆ ಹತ್ತು ಲಕ್ಷವೇ ಇದ್ದು, ಪೈಪೋಟಿಯಿಂದಾಗಿ ಬೆಲೆಯನ್ನು ₹40ರಿಂದ ₹36ಕ್ಕೆ ಇಳಿಸಿದರು ಎನ್ನಿ. ಮಾರಾಟದ ಮೊತ್ತ ಇಲ್ಲೂ ಶೇ 10 ಮಾತ್ರ ಕಡಿಮೆ. ಆದರೆ ಒಂದು ಪುಸ್ತಕದಲ್ಲಿ ಉಳಿಯುತ್ತಿದ್ದ ₹16 ಈಗ ₹12. ಕಾಂಟ್ರಿಬ್ಯೂಷನ್ ₹120 ಲಕ್ಷ, ಅದೆಲ್ಲ ಸ್ಥಿರ ವೆಚ್ಚಕ್ಕೂ ಬಡ್ಡಿಗೂ ಸರಿಹೋಯಿತು. ಷೇರಿನ ಗಳಿಕೆ ಆರು ರೂಪಾಯಿಯಲ್ಲ, ಸೊನ್ನೆ. ಪುಸ್ತಕ ಕಡಿಮೆ ಮಾರಾಟವಾದರೆ ಕಾಗದದ ಖರ್ಚಾದರೂ ಉಳಿಯುತ್ತಿತ್ತು, ಬೆಲೆ ಇಳಿದರೆ ಅದೂ ಉಳಿಯುವುದಿಲ್ಲ. ಈ ಸೂತ್ರಗಳೆಲ್ಲ ಬೆಲೆಯೂ ಕಾಗದದ ದರವೂ ಬದಲಾಗದೆ ಸಂಖ್ಯೆ ಮಾತ್ರ ಏರಿಳಿಯುವಾಗ ಸಲ್ಲುವಂಥವು. ಬೆಲೆ ಬದಲಾದರೆ ಸೂತ್ರ ಬದಿಗಿಟ್ಟು ಇಡೀ ಲೆಕ್ಕವನ್ನು ಮೇಲಿನಿಂದ ಕೆಳಕ್ಕೆ ಮತ್ತೆ ಹಾಕಿ.

ಬಡ್ಡಿಯ ಬಗ್ಗೆಯೂ ಒಂದು ಮಾತು. ಮೇಲಿನ ₹24 ಲಕ್ಷ ಅವಧಿ ಸಾಲದ್ದು, ಹಾಗಾಗಿ ಅದನ್ನು ಸ್ಥಿರ ಎನ್ನಬಹುದು. ಶಾಲೆ ತೆರೆಯುವ ಮುಂಚೆ ಕಾಗದ ಕೊಳ್ಳಲು ಓವರ್‌ಡ್ರಾಫ್ಟ್ ತೆಗೆದರೆ ಅದರ ಬಡ್ಡಿ ವ್ಯಾಪಾರದ ಜೊತೆಗೇ ಏರಿಳಿಯುತ್ತದೆ. ಅದನ್ನೂ ಸ್ಥಿರವೆಂದು ಹಿಡಿದರೆ ಲಿವರೇಜ್ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ.

ಹಂತ 5: ಹೊಸ ಯಂತ್ರಕ್ಕೆ ಸಾಲವೋ, ಷೇರೋ

ಷೇರುದಾರರು ಎದ್ದು ಹೊರಡುವಾಗ ಇನ್ನೊಂದು ವಿಷಯ ಹೇಳಿದರು. ಕಂಪನಿ ₹1 ಕೋಟಿಯ ಸ್ವಯಂಚಾಲಿತ ಯಂತ್ರ ತರಲು ಹೊರಟಿದೆ. ತುಂಡುಗೂಲಿ ಉಳಿದು ಪುಸ್ತಕಕ್ಕೆ ₹24ರ ಬದಲು ₹20 ಸಾಕು. ಆದರೆ ಸವಕಳಿ, ನಿರ್ವಹಣೆ, ಆಪರೇಟರ್‌ಗಳ ಸಂಬಳ, ಹೆಚ್ಚುವರಿ ಜಾಗದ ಬಾಡಿಗೆ ಸೇರಿ ಸ್ಥಿರ ವೆಚ್ಚ ₹28 ಲಕ್ಷ ಹೆಚ್ಚಿ ₹124 ಲಕ್ಷ ಆಗುತ್ತದೆ.

10 ಲಕ್ಷ ಪುಸ್ತಕಕ್ಕೆ ಕಾಂಟ್ರಿಬ್ಯೂಷನ್ ₹200 ಲಕ್ಷ, ಕಾರ್ಯಾಚರಣೆಯ ಲಾಭ ₹76 ಲಕ್ಷ. ಇಲ್ಲಿಯವರೆಗೆ ಹಣ ಎಲ್ಲಿಂದ ಬಂತು ಎಂಬ ಪ್ರಶ್ನೆಯಿಲ್ಲ.

ಇಡೀ ಕೋಟಿಯನ್ನು ಶೇ 12ಕ್ಕೆ ಸಾಲ ತಂದರೆ ಬಡ್ಡಿ ₹36 ಲಕ್ಷ ಆಗುತ್ತದೆ. ತೆರಿಗೆಗೆ ಮುಂಚಿನ ಲಾಭ ₹40 ಲಕ್ಷ, ಷೇರಿನ ಗಳಿಕೆ ಮೊದಲಿನಂತೆ ₹10. ಏನೂ ಬದಲಾಗಿಲ್ಲ ಎನಿಸುತ್ತದೆ. ಆದರೆ ಒಟ್ಟು ಲಿವರೇಜ್ 200 ÷ 40 = 5 ಆಗಿದೆ. 11 ಲಕ್ಷ ಮಾರಿದರೆ ₹15, 9 ಲಕ್ಷ ಮಾರಿದರೆ ₹5.

ಸಾಲದ ಬದಲು ತಲಾ ₹100ರಂತೆ 1 ಲಕ್ಷ ಹೊಸ ಷೇರು ಕೊಟ್ಟರೆ ಬಡ್ಡಿ ₹24 ಲಕ್ಷದಲ್ಲೇ ನಿಲ್ಲುತ್ತದೆ. ತೆರಿಗೆಗೆ ಮುಂಚಿನ ಲಾಭ ₹52 ಲಕ್ಷ, ತೆರಿಗೆ ಕಳೆದು ₹39 ಲಕ್ಷ, 4 ಲಕ್ಷ ಷೇರಿಗೆ ಹಂಚಿದರೆ ₹9.75. ಒಟ್ಟು ಲಿವರೇಜ್ 200 ÷ 52, ಸುಮಾರು 3.85. 11 ಲಕ್ಷ ಮಾರಿದರೆ ₹13.50, 9 ಲಕ್ಷಕ್ಕೆ ₹6.

ಎರಡೂ ದಾರಿಯಲ್ಲಿ ಗಳಿಕೆ ಸಮನಾಗುವ ಬಿಂದುವನ್ನು ಹೀಗೆ ಹುಡುಕಬಹುದು. ಕಾರ್ಯಾಚರಣೆಯ ಲಾಭವನ್ನು ಲ ಎಂದಿಟ್ಟುಕೊಳ್ಳಿ, ಅಂಕಿಗಳೆಲ್ಲ ಲಕ್ಷದಲ್ಲಿ:

(ಲ − 36) ÷ 3 = (ಲ − 24) ÷ 4

ಬಿಡಿಸಿದರೆ ಲ = 72. ಅದಕ್ಕೆ ಸ್ಥಿರ ವೆಚ್ಚ 124 ಸೇರಿಸಿ ಪುಸ್ತಕಕ್ಕೆ ₹20ರಂತೆ ಭಾಗಿಸಿದರೆ 9.8 ಲಕ್ಷ ಪುಸ್ತಕ. ಆ ಮಟ್ಟದಲ್ಲಿ ಎರಡು ದಾರಿಯಲ್ಲೂ ಗಳಿಕೆ ₹9. ಅದಕ್ಕಿಂತ ಹೆಚ್ಚು ಮಾರುವ ಭರವಸೆ ಇದ್ದರೆ ಸಾಲ ಲಾಭದಾಯಕ, ಕಡಿಮೆಯಾದರೆ ಷೇರು ಮೇಲು.

ಈ ಕಂಪನಿ ಹಿಂದಿನ ವರ್ಷ ಮಾರಿದ್ದು 9 ಲಕ್ಷ. ಅಷ್ಟೇ ಮಾರುವುದಾದರೆ ಯಂತ್ರವಿಲ್ಲದೆಯೂ ₹6 ಬರುತ್ತದೆ, ಷೇರು ಕೊಟ್ಟು ಯಂತ್ರ ತಂದರೂ ₹6, ಸಾಲ ಮಾಡಿ ತಂದರೆ ₹5. ಕೈಯಲ್ಲಿ ಶಾಲೆಗಳ ಖಚಿತ ಆರ್ಡರ್ ಇಲ್ಲದೆ ಸಾಲದ ದಾರಿ ಹಿಡಿಯಬೇಡಿ ಎಂದು ಸಭೆಯಲ್ಲಿ ಕೇಳಿ ಎಂದೆ. ಅವರು ಲೆಕ್ಕಪತ್ರದ ಬದಿಯಲ್ಲಿ 9.8 ಲಕ್ಷ ಎಂದು ಪೆನ್ಸಿಲ್ಲಿನಲ್ಲಿ ಬರೆದುಕೊಂಡರು.