ಕೋಲನ್ನು ಎಲ್ಲೆಂದರಲ್ಲಿ ಮುರಿದರೆ ಉದ್ದದ ತುಂಡು ಎಷ್ಟಿರುತ್ತದೆ? ನಾನು ಲೆಕ್ಕ ಹಾಕಿದ ಬಗೆ

ಒಂದು ಮೀಟರ್ ಉದ್ದದ ಕೋಲು ಇದೆ ಅಂದುಕೊಳ್ಳಿ. ಅದರ ಮೇಲೆ ಎಲ್ಲೆಂದರಲ್ಲಿ ಒಂಬತ್ತು ಗುರುತು ಹಾಕಿ ಮುರಿದರೆ ಹತ್ತು ತುಂಡಾಗುತ್ತದೆ. ಸರಾಸರಿ ತುಂಡು 10 ಸೆಂಟಿಮೀಟರ್. ಎಲ್ಲಕ್ಕಿಂತ ಉದ್ದದ ತುಂಡು ಎಷ್ಟಿರಬಹುದು? ನಾನು ಕೇಳಿದವರಲ್ಲಿ ಹೆಚ್ಚಿನವರು 15 ಅಂದರು, ಕೆಲವರು 20ರವರೆಗೆ ಹೋದರು. ಲೆಕ್ಕ ಹಾಕಿದರೆ ಸರಾಸರಿ ಸುಮಾರು 29.3 ಸೆಂಟಿಮೀಟರ್ ಬರುತ್ತದೆ.

ನನಗೆ ಈ ಪ್ರಶ್ನೆ ಎದುರಾಗಿದ್ದು ಗಣಿತದ ಪುಸ್ತಕದಲ್ಲಲ್ಲ, ಬೆಂಗಳೂರಿನ ಆಫೀಸಿನಲ್ಲಿ. ನಮ್ಮ ಡೇಟಾ ಹತ್ತು ಸರ್ವರ್‌ಗಳಲ್ಲಿ ಹಂಚಿಕೊಂಡಿತ್ತು. ಹಂಚುವ ರೀತಿ ಹೀಗೆ: ಒಂದು ಉಂಗುರದ ಮೇಲೆ ಪ್ರತಿ ಸರ್ವರ್‌ಗೂ ಹಾಷ್ ಫಂಕ್ಷನ್ ಒಂದು ಜಾಗ ಕೊಡುತ್ತದೆ. ಎರಡು ಸರ್ವರ್‌ಗಳ ನಡುವಿನ ಕಮಾನಿಗೆ ಬೀಳುವ ಡೇಟಾ ಎಲ್ಲ ಮುಂದಿನ ಸರ್ವರ್‌ಗೆ ಸೇರುತ್ತದೆ. ಒಂದು ಸರ್ವರ್‌ಗೆ ಮಾತ್ರ ಸರಾಸರಿಯ ಸುಮಾರು ಮೂರು ಪಟ್ಟು ಲೋಡ್ ಬರುತ್ತಿತ್ತು. ತಂಡದ ಹೊಸ ಹುಡುಗಿ, "ಸರ್, ಹಾಷ್ ಫಂಕ್ಷನ್‌ನಲ್ಲೇ ಏನೋ ತೊಂದರೆ ಇರ್ಬೇಕು ಅಲ್ವಾ?" ಅಂತ ಕೇಳಿದಳು. ಕೇಳಬೇಕಾದ ಪ್ರಶ್ನೆಯೇ. ಆದರೆ ಅದಕ್ಕೆ ಮೊದಲು, ಹಾಷ್ ಸರಿಯಾಗಿದ್ದರೆ ಎಷ್ಟು ಏರುಪೇರು ಬರುತ್ತದೆ ಅನ್ನೋದು ಗೊತ್ತಿರಬೇಕು.

ಉಂಗುರವನ್ನು ಒಂದು ಸರ್ವರ್ ಇರುವ ಕಡೆ ಕತ್ತರಿಸಿ ನೇರ ಮಾಡಿದರೆ ಅದೇ ಕೋಲು. ಉಳಿದ ಒಂಬತ್ತು ಸರ್ವರ್‌ಗಳೇ ಒಂಬತ್ತು ಗುರುತು. ಹಾಗಾಗಿ ಕೋಲಿನ ಲೆಕ್ಕ ಮಾಡಿದರೆ ಸಾಕು.

ಉದ್ದದ ತುಂಡನ್ನು ನೇರವಾಗಿ ಹಿಡಿಯಲು ಹೋದರೆ ಲೆಕ್ಕ ಗೋಜಲಾಗುತ್ತದೆ. ಚಿಕ್ಕ ತುಂಡಿನಿಂದ ಶುರು ಮಾಡಿದರೆ ಸುಲಭ. ಕೋಲಿನ ಉದ್ದ 1, ತುಂಡುಗಳು `n`. ಎಲ್ಲ ತುಂಡುಗಳೂ `x`ಗಿಂತ ಉದ್ದ ಇರುವ ಸಂಭವ ಎಷ್ಟು? ಪ್ರತಿ ತುಂಡಿಗೂ ಮೊದಲೇ `x` ಉದ್ದ ತೆಗೆದಿಟ್ಟುಬಿಡಿ. ಆಗ ಗುರುತುಗಳು ಓಡಾಡಲು ಉಳಿಯುವ ಉದ್ದ `1 - nx`. ಗುರುತುಗಳು `n - 1` ಇರುವುದರಿಂದ ಸಂಭವ `(1 - nx)^(n-1)`. ಎರಡೇ ತುಂಡಿನಲ್ಲಿ ಇದನ್ನು ಕಣ್ಣಿನಲ್ಲೇ ನೋಡಬಹುದು. ಒಂದೇ ಗುರುತು `x` ಮತ್ತು `1 - x` ನಡುವೆ ಬೀಳಬೇಕು, ಅಂದರೆ ಸಂಭವ `1 - 2x`. ಈ ಸಂಭವವನ್ನು 0ಯಿಂದ `1/n`ವರೆಗೆ ಇಂಟಿಗ್ರೇಟ್ ಮಾಡಿದರೆ ಚಿಕ್ಕ ತುಂಡಿನ ಸರಾಸರಿ ಉದ್ದ ಸಿಗುತ್ತದೆ: `1/n²`. ಹತ್ತು ತುಂಡು ಮಾಡಿದಾಗ ಅತಿ ಚಿಕ್ಕದು ಸರಾಸರಿ ಬರೀ 1 ಸೆಂಟಿಮೀಟರ್!

ನನಗೆ ತುಂಬಾ ಇಷ್ಟವಾದ ಹೆಜ್ಜೆ ಇನ್ನು ಮುಂದಿನದು. ಅತಿ ಚಿಕ್ಕ ತುಂಡಿನಷ್ಟು ಉದ್ದವನ್ನು ಪ್ರತಿ ತುಂಡಿನಿಂದಲೂ ಕತ್ತರಿಸಿ ಹಾಕಿ. ಚಿಕ್ಕ ತುಂಡು ಪೂರ್ತಿ ಮಾಯವಾಗುತ್ತದೆ. ಉಳಿದ `n - 1` ತುಂಡುಗಳ ಮೇಲೆ ಈಗ ಯಾವ ಷರತ್ತೂ ಇಲ್ಲ, ಉದ್ದ ಸೊನ್ನೆಗಿಂತ ಜಾಸ್ತಿ ಇದ್ದರಾಯಿತು. ಯಾವ ಹಂಚಿಕೆಗೂ ಇನ್ನೊಂದಕ್ಕಿಂತ ಹೆಚ್ಚು ಅವಕಾಶ ಇಲ್ಲ. ಅಂದರೆ ಕೈಯಲ್ಲಿ ಉಳಿದಿರುವುದು ಸ್ವಲ್ಪ ಗಿಡ್ಡದಾದ ಒಂದು ಕೋಲು, ಅದು ಎಲ್ಲೆಂದರಲ್ಲಿ `n - 1` ತುಂಡಾಗಿದೆ. ಅದೇ ಪ್ರಶ್ನೆ, ಒಂದು ತುಂಡು ಕಡಿಮೆ. ಕತ್ತರಿಸಿದ್ದು ಸರಾಸರಿ `n × 1/n²`, ಅಂದರೆ `1/n`. ಉದ್ದದ ತುಂಡಿನ ಸರಾಸರಿಯನ್ನು `E(n)` ಅಂತ ಬರೆದರೆ:

```
E(n) = 1/n² + (1 - 1/n) × E(n-1)
```

ಎರಡೂ ಕಡೆ `n`ನಿಂದ ಗುಣಿಸಿದರೆ `n E(n) = 1/n + (n-1) E(n-1)`. ಮುರಿಯದ ಕೋಲಿಗೆ `E(1) = 1`. ಅಲ್ಲಿಂದ ಒಂದೊಂದೇ ಮೆಟ್ಟಿಲು ಹತ್ತಿದರೆ:

```
E(n) = (1 + 1/2 + 1/3 + ... + 1/n) / n
```

ಎರಡು ತುಂಡಿಗೆ 3/4. ಮೂರು ತುಂಡಿಗೆ 11/18, ಸುಮಾರು 0.611. ಹತ್ತಕ್ಕೆ ಆವರಣದೊಳಗಿನ ಮೊತ್ತ 2.929, ಹತ್ತರಿಂದ ಭಾಗಿಸಿದರೆ 0.2929. ಆ ಮೊತ್ತಕ್ಕೆ ಹಾರ್ಮೋನಿಕ್ ಸಂಖ್ಯೆ ಅನ್ನುತ್ತಾರೆ. ಉದ್ದದ ತುಂಡು ಸರಾಸರಿ ತುಂಡಿನ ಎಷ್ಟು ಪಟ್ಟು ಅನ್ನೋದನ್ನು ಅದೇ ಹೇಳುತ್ತದೆ. ತುಂಡುಗಳು ಹೆಚ್ಚಾದಂತೆ ಅದೂ ಬೆಳೆಯುತ್ತಲೇ ಹೋಗುತ್ತದೆ, ಆದರೆ ಬಹಳ ನಿಧಾನವಾಗಿ. ನೂರು ತುಂಡಿಗೂ 5.19 ಅಷ್ಟೇ.

ಕಾಗದದ ಲೆಕ್ಕವನ್ನು ಯಂತ್ರದಲ್ಲಿ ಓಡಿಸಿ ನೋಡದೆ ನನಗೆ ಸಮಾಧಾನ ಇಲ್ಲ. ಪೈಥಾನ್‌ನಲ್ಲಿ ಇಷ್ಟು ಸಾಕು:

```python
import random

def longest(n):
    cuts = sorted(random.random() for _ in range(n - 1))
    pts = [0] + cuts + [1]
    return max(b - a for a, b in zip(pts, pts[1:]))

T = 100000
for n in (2, 3, 10):
    print(n, sum(longest(n) for _ in range(T)) / T)
```

0.75, 0.611, 0.293ರ ಆಸುಪಾಸಿನಲ್ಲಿ ಬರಬೇಕು. ಮೂರನೇ ದಶಾಂಶ ಸ್ವಲ್ಪ ಅಲ್ಲಾಡಿದರೆ ಚಿಂತೆ ಇಲ್ಲ.

ಇಲ್ಲಿ ಕೋಲನ್ನು ಹೇಗೆ ಮುರಿಯುತ್ತೀರಿ ಅನ್ನೋದು ತುಂಬಾ ಮುಖ್ಯ. ಗುರುತುಗಳನ್ನೆಲ್ಲ ಮೊದಲೇ ಇಡೀ ಕೋಲಿನ ಮೇಲೆ ಹಾಕಬೇಕು. ಒಮ್ಮೆ ಮುರಿದು, ಬಲಗಡೆ ಉಳಿದಿದ್ದನ್ನು ಮತ್ತೆ ಮುರಿದರೆ ಅದು ಬೇರೆಯೇ ಲೆಕ್ಕ. ಅಲ್ಲಿ ಮೊದಲ ತುಂಡಿನ ಸರಾಸರಿ 1/2, ಇನ್ನೆರಡರದು ತಲಾ 1/4. ಪತ್ತೆ ಹಚ್ಚೋದು ಸುಲಭ: ಎಡದಿಂದ ಮೊದಲ ತುಂಡು, ಎರಡನೆಯದು, ಮೂರನೆಯದು ಅಂತ ಬೇರೆ ಬೇರೆಯಾಗಿ ಸರಾಸರಿ ತೆಗೆಯಿರಿ. ಎಲ್ಲವೂ `1/n` ಬರದಿದ್ದರೆ ಮುರಿಯುವ ರೀತಿ ಬೇರೆ.

ಈ ಪರೀಕ್ಷೆಗೆ ಸಿಗದ ಇನ್ನೊಂದು ರೀತಿ ಇದೆ. `n` ರ್‍ಯಾಂಡಮ್ ಸಂಖ್ಯೆ ತೆಗೆದುಕೊಂಡು, ಪ್ರತಿಯೊಂದನ್ನೂ ಒಟ್ಟು ಮೊತ್ತದಿಂದ ಭಾಗಿಸಿ, ಅವೇ ತುಂಡುಗಳು ಅನ್ನುವುದು. ಆಗಲೂ ಎಲ್ಲ ತುಂಡುಗಳ ಸರಾಸರಿ `1/n` ಬರುತ್ತದೆ, ನೋಡಲು ಏನೂ ತಪ್ಪು ಕಾಣುವುದಿಲ್ಲ. ಆದರೆ ಹಂಚಿಕೆ ಮಧ್ಯಕ್ಕೆ ಜಾಸ್ತಿ ವಾಲುತ್ತದೆ. ಎರಡು ತುಂಡಿನಲ್ಲೇ ಓಡಿಸಿ ನೋಡಿ. 0.75ರ ಬದಲು 0.693 ಬರುತ್ತದೆ, ಅದು ಸರಿಯಾಗಿ 2ರ ನ್ಯಾಚುರಲ್ ಲಾಗರಿದಮ್. ಪ್ರತಿ ಸಂಖ್ಯೆ `u` ಬದಲು `-log(u)` ಹಾಕಿ ಭಾಗಿಸಿದರೆ ಕೋಲು ಮುರಿದದ್ದಕ್ಕೆ ಪೂರ್ತಿ ಸಮ.

ನಮ್ಮ ಸರ್ವರ್‌ಗಳ ವಿಷಯದಲ್ಲಿ ಈ ಲೆಕ್ಕ ಒಂದು ಚರ್ಚೆಯನ್ನೇ ಮುಗಿಸಿತು. ಹಾಷ್ ಸರಿಯಾಗಿದ್ದರೂ ಹತ್ತರಲ್ಲಿ ಒಂದಕ್ಕೆ ಸರಾಸರಿ 29.3% ಲೋಡ್ ಬೀಳುತ್ತದೆ, ಇನ್ನೊಂದಕ್ಕೆ 1% ಮಾತ್ರ. ಹಾಷ್ ಫಂಕ್ಷನ್ ಬದಲಾಯಿಸಿದರೆ ಬೇರೆ ಸರ್ವರ್ ಮೇಲೆ ಭಾರ ಬೀಳುತ್ತದೆ, ಭಾರ ಕಡಿಮೆಯಾಗೋದಿಲ್ಲ. ಮೇಲಾಗಿ ಉಂಗುರದ ಮೇಲಿನ ಜಾಗ ಒಮ್ಮೆ ನಿಂತರೆ ದಿನವೂ ಅದೇ ಸರ್ವರ್ ಒದ್ದಾಡಬೇಕು.

ದಾರಿ ಇದೆ: ಪ್ರತಿ ಸರ್ವರ್‌ಗೂ ಉಂಗುರದ ಮೇಲೆ ಒಂದರ ಬದಲು ನೂರು ಜಾಗ ಕೊಡುವುದು. ಆಗ ಒಟ್ಟು ಸಾವಿರ ಚಿಕ್ಕ ಕಮಾನುಗಳಾಗುತ್ತವೆ, ಒಬ್ಬೊಬ್ಬರ ಪಾಲು ನೂರು ಕಮಾನುಗಳ ಮೊತ್ತ. ಉದ್ದದವು ಗಿಡ್ಡದವು ಸೇರಿ ಒಂದನ್ನೊಂದು ಸರಿದೂಗಿಸುತ್ತವೆ. ಒಂದೇ ಜಾಗ ಇದ್ದಾಗ ಲೋಡ್‌ನ ಸ್ಟ್ಯಾಂಡರ್ಡ್ ಡೀವಿಯೇಷನ್ ಸರಾಸರಿಯ 90% ಇತ್ತು. ನೂರು ಜಾಗಕ್ಕೆ ಅದು 9.5%ಗೆ ಇಳಿಯುತ್ತದೆ. ನಾವು ಮಾಡಿದ್ದೂ ಇದನ್ನೇ. ಒಂದೇ ಕೀಗೆ ಸಾವಿರಾರು ಜನ ಮುಗಿಬಿದ್ದರೆ ಮಾತ್ರ ಇದರಿಂದ ಪ್ರಯೋಜನ ಇಲ್ಲ. ಉಂಗುರವನ್ನು ಎಷ್ಟು ಸಣ್ಣಗೆ ಕತ್ತರಿಸಿದರೂ ಆ ಕೀ ಒಂದೇ ಕಮಾನಿನಲ್ಲಿ ಇರುತ್ತದೆ. ಅದಕ್ಕೆ ಕ್ಯಾಶ್ ಬೇಕು.