ಏರುವ ಷೇರಿನ ಹಿಂದೆ ಅಡ್ಡಗಟ್ಟೆ: ಟ್ರೇಲಿಂಗ್ ಸ್ಟಾಪ್ ಹಾಕುವುದು ಹೇಗೆ?

ಲೋಡ್ ತುಂಬಿದ ಲಾರಿ ಘಾಟಿ ಹತ್ತಲು ಒದ್ದಾಡುವಾಗ ಕ್ಲೀನರ್ ಮರದ ತುಂಡು ಹಿಡಿದು ಹಿಂದೆಯೇ ನಡೆಯುತ್ತಾನೆ. ಲಾರಿ ನಾಲ್ಕು ಅಡಿ ಮುಂದೆ ಹೋದರೆ ತುಂಡೂ ನಾಲ್ಕು ಅಡಿ ಮುಂದೆ. ಹಿಂದಕ್ಕೆ ಮಾತ್ರ ಅದನ್ನು ಸರಿಸುವುದಿಲ್ಲ. ಟ್ರೇಲಿಂಗ್ ಸ್ಟಾಪ್ ಮಾಡುವುದೂ ಇದೇ ಕೆಲಸ: ಷೇರಿನ ಬೆಲೆ ಏರಿದಂತೆ ತಾನೂ ಏರುತ್ತದೆ, ಬೆಲೆ ಇಳಿದು ತನ್ನನ್ನು ಮುಟ್ಟಿದರೆ ಷೇರು ಮಾರಿಬಿಡುತ್ತದೆ.

500 ರೂಪಾಯಿಗೆ 40 ಷೇರು ಕೊಂಡಿದ್ದೀರಿ ಅಂದುಕೊಳ್ಳಿ. ಮೊದಲು ಬೆಲೆಗೂ ಸ್ಟಾಪ್‌ಗೂ ನಡುವೆ ಎಷ್ಟು ಅಂತರ ಬಿಡಬೇಕು ಅಂತ ತೀರ್ಮಾನಿಸಿ. ಕಷ್ಟ ಇರುವುದು ಇಲ್ಲೇ. ಚಾರ್ಟಿನಲ್ಲಿ ATR ಅನ್ನುವ ಸೂಚಕ ಹಾಕಿ, ಅವಧಿ 14 ದಿನ ಇಡಿ. ಷೇರು ದಿನಕ್ಕೆ ಸರಾಸರಿ ಎಷ್ಟು ಓಲಾಡುತ್ತದೆ ಅಂತ ಅದು ತೋರಿಸುತ್ತದೆ. 10 ರೂಪಾಯಿ ಅಂತ ಬಂದರೆ, ಅದರ ಎರಡು ಪಟ್ಟು, ಅಂದರೆ 20 ರೂಪಾಯಿ ಬಿಡಿ. ನಾನು ಒಮ್ಮೆ ಹೆದರಿ ಬರೀ 5 ರೂಪಾಯಿ ಬಿಟ್ಟಿದ್ದೆ. ಮಾರುಕಟ್ಟೆ ತೆರೆದ ಅರ್ಧ ಗಂಟೆಯಲ್ಲೇ ಷೇರು ಮಾರಿಹೋಯಿತು. ಮಧ್ಯಾಹ್ನ ಅದು ಏರುವುದನ್ನು ಸುಮ್ನೆ ನೋಡುತ್ತಾ ಕೂತೆ!

ಈಗ 480ಕ್ಕೆ ಸ್ಟಾಪ್ ಹಾಕಿ. ಬೆಲೆ 530 ಮುಟ್ಟಿದರೆ ಸ್ಟಾಪ್ 510ಕ್ಕೆ ಏರುತ್ತದೆ. ಅಲ್ಲಿಂದ 518ಕ್ಕೆ ಇಳಿದರೂ ಸ್ಟಾಪ್ 510 ಬಿಟ್ಟು ಕದಲುವುದಿಲ್ಲ. ಮತ್ತೆ 556ಕ್ಕೆ ಹೋದರೆ 536. ಆಮೇಲೆ ಬೆಲೆ ಜಾರಿ 536 ಮುಟ್ಟಿದಾಗ ಷೇರು ಮಾರಿಹೋಗುತ್ತದೆ. ಖರ್ಚು, ತೆರಿಗೆ ಕಳೆಯುವ ಮೊದಲು 1,440 ರೂಪಾಯಿ ಲಾಭ. ತುದಿಯಲ್ಲಿ ಮಾರಿದ್ದರೆ 2,240 ಬರುತ್ತಿತ್ತು, ನಿಜ. ಆದರೆ ತುದಿ ಯಾವುದು ಅಂತ ಆಗ ಯಾರಿಗೆ ಗೊತ್ತಿತ್ತು?

ಎಲ್ಲ ಆ್ಯಪ್‌ಗಳಲ್ಲೂ ಸ್ಟಾಪ್ ತಾನಾಗಿ ಏರುತ್ತದೆ ಅನ್ನುವಂತಿಲ್ಲ. ಮಾಮೂಲಿ ಸ್ಟಾಪ್‌ಲಾಸ್ ಆರ್ಡರ್ ಅವತ್ತಿನ ವಹಿವಾಟು ಮುಗಿದ ಕೂಡಲೇ ರದ್ದಾಗುತ್ತದೆ. ಡೆಲಿವರಿಗೆ, ಅಂದರೆ ಅವತ್ತೇ ಮಾರದೆ ಇಟ್ಟುಕೊಳ್ಳಲು ಕೊಂಡ ಷೇರಾದರೆ, ಹೇಳಿದ ಬೆಲೆ ಬರುವವರೆಗೆ ದಿನಗಟ್ಟಲೆ ಕಾಯುವ GTT ಆರ್ಡರ್ ಹಾಕಿ, ದಿನಾ ಸಂಜೆ ನೀವೇ ಬೆಲೆ ತಿದ್ದಬೇಕು. ಏರಿಸಬಹುದು, ಇಳಿಸುವ ಹಾಗಿಲ್ಲ. 'ಇನ್ನೊಂದು ಐದು ರೂಪಾಯಿ ಬಿಡೋಣ' ಅಂತ ಕೈ ತುರಿಸುತ್ತದೆ, ಬಿಡಬೇಡಿ.

GTT ಹಾಕುವಾಗ ಟ್ರಿಗರ್ ಮತ್ತು ಲಿಮಿಟ್ ಅಂತ ಎರಡು ಬೆಲೆ ಕೇಳುತ್ತದೆ. ಟ್ರಿಗರ್ ಅಂದರೆ ಆರ್ಡರ್ ಎಚ್ಚರಗೊಳ್ಳುವ ಬೆಲೆ, ಲಿಮಿಟ್ ಅಂದರೆ ಅದಕ್ಕಿಂತ ಕಡಿಮೆಗೆ ಮಾರಬೇಡ ಅನ್ನುವ ಬೆಲೆ. ಟ್ರಿಗರ್ 536, ಲಿಮಿಟ್ 535 ಅಂತ ಒತ್ತೊತ್ತಾಗಿ ಹಾಕಿದರೆ ಎಡವಟ್ಟು. ರಾತ್ರಿ ಕೆಟ್ಟ ಸುದ್ದಿ ಬಂದು, ಬೆಳಿಗ್ಗೆ 9.15ಕ್ಕೆ ಷೇರು 526ರಲ್ಲೇ ತೆರೆದುಕೊಂಡಿತು ಅನ್ನಿ. ಆರ್ಡರ್ ಜಾಗೃತವಾಗುತ್ತದೆ, ಆದರೆ 535 ಕೊಡುವವರು ಯಾರೂ ಇರುವುದಿಲ್ಲ. ಬೆಲೆ ಇಳಿಯುತ್ತಲೇ ಹೋಗುತ್ತದೆ, ಷೇರು ನಿಮ್ಮ ಬಳಿಯೇ ಉಳಿಯುತ್ತದೆ. ಲಿಮಿಟ್ ಅನ್ನು 522ರ ಹತ್ತಿರ ಇಟ್ಟಿದ್ದರೆ 526ರ ಆಸುಪಾಸಿನಲ್ಲಿ ಮಾರಿಹೋಗುತ್ತಿತ್ತು. ಲಿಮಿಟ್ ಕೆಳಗಿದೆ ಅಂತ ಷೇರು 522ಕ್ಕೇ ಹೋಗುವುದಿಲ್ಲ. ಆ ಹೊತ್ತಿಗೆ ಮಾರುಕಟ್ಟೆಯಲ್ಲಿ ಇರುವ ಒಳ್ಳೆ ಬೆಲೆಯೇ ಸಿಗುತ್ತದೆ.

ಲೋವರ್ ಸರ್ಕ್ಯೂಟ್ ಬಿದ್ದ ದಿನ, ಅಂದರೆ ಒಂದು ದಿನದಲ್ಲಿ ಇಳಿಯಬಹುದಾದ ಕೊನೆಯ ಮಿತಿಗೆ ಬೆಲೆ ಬಿದ್ದ ದಿನ ಮಾತ್ರ ಇದೂ ಕೈಕೊಡಬಹುದು. ಕೊಳ್ಳುವವರೇ ಇಲ್ಲದಿದ್ದರೆ ಯಾವ ಆರ್ಡರ್ ಏನು ಮಾಡೀತು? ಅದಕ್ಕೇ ಕಂಪನಿಯ ತ್ರೈಮಾಸಿಕ ಫಲಿತಾಂಶ ಬರುವ ಹಿಂದಿನ ದಿನ, 40ರಲ್ಲಿ 20 ಷೇರನ್ನು ನಾನು ಮೊದಲೇ ಮಾರಿಬಿಡುತ್ತೇನೆ.