ಕೈಯಲ್ಲಿ ಮೂರು ಆಫರ್ ಇದ್ದವರ ಜೊತೆ ಮಾತಾಡಿದ್ದು

ಬೆಂಗಳೂರಲ್ಲಿ ಒಳ್ಳೆ ಬ್ಯಾಕೆಂಡ್ ಎಂಜಿನಿಯರ್ ನಮ್ಮ ಕೊನೆಯ ರೌಂಡ್ ಮುಗಿಸುವ ಹೊತ್ತಿಗೆ ಅವರ ಕೈಯಲ್ಲಿ ಬೇರೆ ಆಫರ್ ಇರುವುದು ಮಾಮೂಲು. ಅದರ ಮೇಲೆ 90 ದಿನಗಳ ನೋಟಿಸ್ ಪೀರಿಯಡ್. ಇವತ್ತು ಹೂಂ ಅಂದವರಿಗೆ ಮನಸ್ಸು ಬದಲಾಯಿಸಲು ಮೂರು ತಿಂಗಳು ಸಿಗುತ್ತದೆ. ಬಣ್ಣ ಹಚ್ಚಿ ಹೇಳಿದ ಮಾತು ಅಷ್ಟು ದಿನ ಬಾಳುವುದಿಲ್ಲ.

ನಮ್ಮದು ಸೆಟ್ಲ್‌ಮೆಂಟ್ ತಂಡ. ವ್ಯಾಪಾರಿಗಳಿಗೆ ಆಯಾ ದಿನದ ಹಣ ಲೆಕ್ಕ ಹಾಕಿ ಕಳಿಸುವುದು ಕೆಲಸ. ಹೋದ ವರ್ಷ ಒಬ್ಬರನ್ನು ಆರಿಸಿದೆವು. ಎಂಟು ವರ್ಷ ಅನುಭವ, ಡೇಟಾಬೇಸ್ ಲಾಕಿಂಗ್ ಬಗ್ಗೆ ನಮ್ಮವರಿಗೇ ಪಾಠ ಹೇಳುವಷ್ಟು ಗಟ್ಟಿ. ಅವರಿಗೆ ಒಂದು ಸ್ಟಾರ್ಟಪ್ಪಿನಿಂದ 52 ಲಕ್ಷ, ಒಂದು ದೊಡ್ಡ ವಿದೇಶಿ ಕಂಪನಿಯಿಂದ 55 ಲಕ್ಷ ಬಂದಿತ್ತು. ನಮ್ಮದು 43.

ಮೊದಲು ಸಂಬಳದ ಮಾತು ಎತ್ತಲಿಲ್ಲ. "ಈ ಸಲ ಕೆಲಸ ಬಿಡ್ತಿರೋದು ಯಾಕೆ?" ಅಂತ ಕೇಳಿದೆ. "ಎರಡು ವರ್ಷದಿಂದ ಬೇರೆಯವರ ಡಿಸೈನ್‌ಗೆ ಕೋಡ್ ಬರೀತಿದ್ದೀನಿ ಸರ್. ಒಂದು ಸಿಸ್ಟಂ ಪೂರ್ತಿ ನನ್ನ ಕೈಲಿ ಇರಬೇಕು" ಅಂದರು. ನಮ್ಮಲ್ಲಿ ಅದು ನಿಜಕ್ಕೂ ಇತ್ತು. ಇಲ್ಲದಿದ್ದರೆ ಆ ಫೋನ್ ಅಲ್ಲಿಗೇ ಮುಗಿಸುತ್ತಿದ್ದೆ.

ಆಮೇಲೆ ಮೂರೂ ಆಫರ್‌ಗಳನ್ನು ಒಂದೇ ಶೀಟ್‌ನಲ್ಲಿ ಬಿಡಿಸಿದೆವು. ಸಿಟಿಸಿ ಅನ್ನೋದು ಎಲ್ಲವನ್ನೂ ಸೇರಿಸಿದ ಮೊತ್ತ, ಅಲ್ವಾ? ಸ್ಟಾರ್ಟಪ್ಪಿನ 52ರಲ್ಲಿ ಫಿಕ್ಸೆಡ್ 36, ಪಿಎಫ್ ಮತ್ತು ಗ್ರಾಚ್ಯುಟಿ 2, ವೇರಿಯಬಲ್ 4, ಜಾಯಿನಿಂಗ್ ಬೋನಸ್ 4, ಕಂಪನಿ ಷೇರನ್ನು ಮೊದಲೇ ಗೊತ್ತುಮಾಡಿದ ಬೆಲೆಗೆ ಕೊಳ್ಳುವ ಹಕ್ಕು, ಅಂದರೆ ಇಸಾಪ್, 6. ನಮ್ಮ 43ರಲ್ಲಿ ಫಿಕ್ಸೆಡ್ 38, ಪಿಎಫ್ ಮತ್ತು ಗ್ರಾಚ್ಯುಟಿ 2, ವೇರಿಯಬಲ್ 3. ಮೊದಲ ವರ್ಷ ಕೈಗೆ ಬರುವ ಹಣದಲ್ಲಿ ಸ್ಟಾರ್ಟಪ್ಪೇ ಮುಂದೆ, ಎರಡನೇ ವರ್ಷ ಬೋನಸ್ ಇರುವುದಿಲ್ಲ, ಹಾಗಾಗಿ ನಾವು ಒಂದು ಲಕ್ಷ ಮುಂದೆ. ಎರಡೂ ಮಾತು ಹೇಳಿದೆ. ವರ್ಷದೊಳಗೆ ಬಿಟ್ಟರೆ ಬೋನಸ್ ವಾಪಸ್ ಕೊಡಬೇಕೇ ಅಂತ ಅವರ ಆಫರ್ ಲೆಟರ್‌ನಲ್ಲೇ ನೋಡಿಕೊಳ್ಳಲು ಹೇಳಿದೆ.

ಇಸಾಪ್ ಬಗ್ಗೆ ಅರ್ಧ ಗಂಟೆ ಹೋಯಿತು. ಅದು ಕೆಟ್ಟದ್ದು ಅಂತ ನಾನು ಹೇಳಲಿಲ್ಲ, ಕೇಳಬೇಕಾದ ಪ್ರಶ್ನೆ ಕೊಟ್ಟೆ. ಎಕ್ಸರ್ಸೈಸ್ ಬೆಲೆ, ಅಂದರೆ ಷೇರು ಕೊಳ್ಳಲು ಕೊಡಬೇಕಾದ ಬೆಲೆ ಎಷ್ಟು, ಈಗಿನ ಮೌಲ್ಯ ಎಷ್ಟು, ಕೆಲಸ ಬಿಟ್ಟ ಮೇಲೆ ಎಕ್ಸರ್ಸೈಸ್ ಮಾಡಲು ಎಷ್ಟು ದಿನ. ಬೆಲೆ 10 ರೂಪಾಯಿ, ಮೌಲ್ಯ 500 ಅಂತಿಟ್ಟುಕೊಳ್ಳಿ. ಸಾವಿರ ಷೇರು ಎಕ್ಸರ್ಸೈಸ್ ಮಾಡಿದರೆ 4.9 ಲಕ್ಷ ಸಂಬಳದ ಆದಾಯಕ್ಕೆ ಸೇರುತ್ತದೆ. ಶೇ 30ರ ಸ್ಲ್ಯಾಬ್‌ನಲ್ಲಿದ್ದರೆ ತೆರಿಗೆ ಒಂದೂವರೆ ಲಕ್ಷದ ಹತ್ತಿರ. ಆ ಷೇರು ಕೊಳ್ಳುವವರು ಇನ್ನೂ ಯಾರೂ ಇಲ್ಲದಿದ್ದರೂ ಸಾಮಾನ್ಯವಾಗಿ ತೆರಿಗೆ ಕಟ್ಟಲೇಬೇಕು. ವಿದೇಶಿ ಕಂಪನಿಯದು ಲಿಸ್ಟೆಡ್ ಷೇರು, ವೆಸ್ಟ್ ಆಗಿ ಕೈಗೆ ಬಂದ ಮೇಲೆ ಮಾರಬಹುದು. "ದುಡ್ಡಿನ ಲೆಕ್ಕದಲ್ಲಿ ಅವರನ್ನು ನಾವು ಮುಟ್ಟೋಕಾಗಲ್ಲ" ಅಂತ ನೇರವಾಗಿ ಹೇಳಿಬಿಟ್ಟೆ.

ನಂತರ ನಮ್ಮ ಹುಳುಕು. ಐದು ವಾರಕ್ಕೊಮ್ಮೆ ಆನ್‌ಕಾಲ್ ಬರುತ್ತದೆ, ಸಿಸ್ಟಂ ಕೆಟ್ಟರೆ ಯಾವ ಹೊತ್ತಿನಲ್ಲೂ ಎದ್ದು ನೋಡಬೇಕು. ರಾತ್ರಿ ಎರಡಕ್ಕೆ ಓಡುವ ಬ್ಯಾಚ್ ಆಗಾಗ ಕೈಕೊಡುತ್ತದೆ. ಕೋಡ್ ಇನ್ನೂ ಜಾವಾ 8ರಲ್ಲಿದೆ, ಟೆಸ್ಟ್ ಕಡಿಮೆ. "ಆನ್‌ಕಾಲ್ ಸ್ವಲ್ಪ ಇದೆ" ಅಂತ ತೇಲಿಸಿದರೆ ಯಾರೂ ನಂಬುವುದಿಲ್ಲ. ಅದಕ್ಕೆ ಸ್ಕ್ರೀನ್ ಶೇರ್ ಮಾಡಿ ಹಿಂದಿನ ಮೂರು ತಿಂಗಳ ಅಲರ್ಟ್ ಪಟ್ಟಿ ತೋರಿಸಿದೆ. ಅವರು ಸಮಯದ ಕಾಲಂ ನೋಡುತ್ತಾ ಹೋದರು. "ಇದು ಒಂದೇ ಜಾಬ್ ಅಲ್ವಾ ಪದೇ ಪದೇ ಬೀಳ್ತಿರೋದು?" ಅಂದರು. ಹೌದು, ಅದನ್ನು ಹೊಸದಾಗಿ ಕಟ್ಟುವುದೇ ಅವರ ಕೆಲಸ.

ತಂಡ ಬಿಟ್ಟು ಹೋದ ಒಬ್ಬ ಹುಡುಗನನ್ನು ಕೇಳಿ, ಅವನು ಒಪ್ಪಿದ ಮೇಲೆ ನಂಬರ್ ಕೊಟ್ಟೆ. ಈಗಿನ ತಂಡದ ಇಬ್ಬರ ಜೊತೆ ನಾನಿಲ್ಲದೆ ಮಾತಾಡಿಸಿದೆ. ಅವರೇನು ಹೇಳಿದರು ಅಂತ ವಿಚಾರಿಸಲು ಹೋಗಲಿಲ್ಲ. ವಿಚಾರಿಸಿದರೆ ಮುಂದಿನ ಸಲ ಅವರು ತೂಕ ಮಾಡಿ ಮಾತಾಡುತ್ತಾರೆ.

ಪ್ರಮೋಷನ್ ಯಾವಾಗ ಅಂತ ಕೇಳಿದರು. ದಿನಾಂಕ ಕೊಡಲು ನನಗೆ ಅಧಿಕಾರ ಇಲ್ಲ ಅಂದೆ. ಕೊಡಬಲ್ಲದ್ದನ್ನು ಇಮೇಲ್‌ನಲ್ಲಿ ಬರೆದೆ: ಆ ರೀಬಿಲ್ಡ್‌ನ ಹೊಣೆ, ರಾತ್ರಿ ಎದ್ದರೆ ಮರುದಿನ ಕಾಂಪ್ ಆಫ್, ವಾರಕ್ಕೆ ಮೂರು ದಿನ ಮನೆಯಿಂದ ಕೆಲಸ. ಕಳಿಸುವ ಮುಂಚೆ ಮೂರಕ್ಕೂ ನನ್ನ ಮೇಲಿನವರ ಒಪ್ಪಿಗೆ ತೆಗೆದುಕೊಂಡಿದ್ದೆ. ಉತ್ತರಕ್ಕೆ ಎಚ್‌ಆರ್ ಎರಡು ದಿನದ ಗಡುವು ಹಾಕಲು ಹೊರಟಿತ್ತು. ಉಳಿದ ಎರಡು ಕಂಪನಿಗಳ ಗಡುವು ಮುಗಿದ ಮೇಲಿನ ಸೋಮವಾರಕ್ಕೆ ಅದನ್ನು ತಳ್ಳಿಸಿದೆ.

ಅವರು ಒಪ್ಪಿದರು, ಎರಡು ಲಕ್ಷ ಜಾಯಿನಿಂಗ್ ಬೋನಸ್ ಕೇಳಿ ಪಡೆದರು ಕೂಡ. ನೋಟಿಸ್ ಪೀರಿಯಡ್ ನಡುವೆ ನಮ್ಮಲ್ಲಿ ತಂಡಗಳ ಅದಲುಬದಲು ಆಗಿ, ಅವರಿಗೆ ಹಿಡಿಸಿದ್ದ ಒಬ್ಬ ಸೀನಿಯರ್ ಬೇರೆ ತಂಡಕ್ಕೆ ಹೋದರು. ಅವತ್ತೇ ಫೋನ್ ಮಾಡಿ ತಿಳಿಸಿದೆ. ಹತ್ತು ದಿನ ಬಿಟ್ಟು ಅವರೇ ಫೋನ್ ಮಾಡಿದರು. ಹಳೆ ಕಂಪನಿ ಸಂಬಳ ಏರಿಸಿ ಉಳಿಸಿಕೊಳ್ಳಲು ನೋಡುತ್ತಿದೆಯಂತೆ. "ಇರಲ್ಲ ಅಂದಿದ್ದೀನಿ, ನಿಮ್ಮ ಕಿವಿಗೂ ಬಿದ್ದಿರ್ಲಿ" ಅಂದರು. ಹೇಳಿದ ದಿನಕ್ಕೆ ಬಂದು ಸೇರಿದರು.